ಹಣದ ವಕ್ಫ್ ಪ್ರಕರಣ: ಆಟೊಮನ್ ಪ್ರಧಾನ ಮುಫ್ತಿ, ಖಾಜಿ ಮತ್ತು ಸುಲ್ತಾನನ ಅಪ್ಪಣೆ

ಆಟೊಮನ್ ಸಾಮ್ರಾಜ್ಯದ ಪ್ರಧಾನ ಮುಫ್ತಿಯ ಮುಂದೆ ಬರುತ್ತಿದ್ದ ಪ್ರಶ್ನೆಗಳಲ್ಲಿ ಕಕ್ಷಿದಾರರ ನಿಜವಾದ ಹೆಸರು ಇರುತ್ತಿರಲಿಲ್ಲ. ಗಂಡಸಾದರೆ ಜೈದ್, ಅವನ ಎದುರಾಳಿ ಅಮ್ರ್, ಹೆಂಗಸಾದರೆ ಹಿಂದ್. ಊರು, ಬೀದಿ, ಕಸುಬು ಎಲ್ಲವನ್ನೂ ಗುಮಾಸ್ತನು ಸೋಸಿ ತೆಗೆದು, ಕಾನೂನಿನ ಗಂಟು ಯಾವುದೋ ಅದನ್ನಷ್ಟೇ ಒಂದು ಚೀಟಿಯಲ್ಲಿ ಬರೆಯುತ್ತಿದ್ದ. ಕೆಳಗೆ ಮುಫ್ತಿ ಆಗುತ್ತದೆ ಎಂದೋ ಆಗುವುದಿಲ್ಲ ಎಂದೋ ಬರೆದು ಸಹಿ ಹಾಕುತ್ತಿದ್ದ. ಇಲ್ಲಿಯೂ ನಾನು ಅದೇ ಪದ್ಧತಿಯನ್ನು ಅನುಸರಿಸುತ್ತೇನೆ. ಜೈದ್, ಅಮ್ರ್, ಹಿಂದ್ ಎಂಬವರ ಕಥೆ ಯಾವುದೇ ಒಂದು ಮನೆಯದಲ್ಲ. ಆ ಕಾಲದ ದತ್ತಿಪತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಕೂಡಿಸಿ ಕಟ್ಟಿದ ಮಾದರಿ ಅದು, ಅದರ ಅಂಕಿಗಳೂ ಮಾದರಿಯವೇ. ವಕ್ಫ್ ಎಂಬ ಶಾಶ್ವತ ಧರ್ಮದತ್ತಿಯನ್ನು ನಗದು ಹಣದಿಂದ ಮಾಡಬಹುದೇ ಎಂದು 16ನೆಯ ಶತಮಾನದಲ್ಲಿ ಅವರ ಸುತ್ತ ನಡೆದ ರಾಜ್ಯಮಟ್ಟದ ವಿವಾದ ಮಾತ್ರ ಇತಿಹಾಸದಲ್ಲಿ ದಾಖಲಾದದ್ದು. ಅದರಲ್ಲಿ ಬರುವ ವಿದ್ವಾಂಸರನ್ನು ಅವರ ಹೆಸರಿನಿಂದಲೇ ಕರೆಯುತ್ತೇನೆ.

ಹಿನ್ನೆಲೆ

ಇಸ್ಲಾಮೀ ನ್ಯಾಯಪದ್ಧತಿಯಲ್ಲಿ ಮುಫ್ತಿ ಮತ್ತು ಖಾಜಿ ಬೇರೆ ಬೇರೆ. ಕೇಳಿದವರಿಗೆ ಶಾಸ್ತ್ರದಲ್ಲಿ ಏನಿದೆಯೆಂದು ಹೇಳುವವನು ಮುಫ್ತಿ. ಅವನ ಫತ್ವಾ ಒಂದು ಅಭಿಪ್ರಾಯ, ಅದನ್ನು ಯಾರ ಮೇಲೂ ಹೇರುವಂತಿಲ್ಲ. ಇಬ್ಬರು ಕಕ್ಷಿದಾರರನ್ನು ಎದುರು ನಿಲ್ಲಿಸಿ, ಸಾಕ್ಷಿ ಕೇಳಿ, ಕಟ್ಟುಪಾಡಾಗುವ ತೀರ್ಪು ಕೊಡುವವನು ಖಾಜಿ. ಮೊದಲ ಕೆಲವು ಶತಮಾನಗಳಲ್ಲಿ ಎಷ್ಟೋ ವಿದ್ವಾಂಸರು ಅರಸರ ಸಂಬಳದಿಂದ ದೂರವಿದ್ದು ಮುಫ್ತಿಗಳಾಗಿರುವುದನ್ನೇ ಗೌರವವೆಂದು ತಿಳಿದಿದ್ದರು. ಇಸ್ಲಾಮೀ ನ್ಯಾಯಶಾಸ್ತ್ರದ ಹನಫಿ ಪಂಥದ ಮೂಲಪುರುಷ ಅಬು ಹನೀಫಾ ಖಾಜಿಯ ಹುದ್ದೆಯನ್ನು ನಿರಾಕರಿಸಿದನೆಂಬ ಕಥೆಯನ್ನು ಆ ಪಂಥದವರು ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದಾರೆ.

ಆಟೊಮನ್ನರು ಇದೇ ಹನಫಿ ಪಂಥದ ವಿದ್ವಾಂಸರನ್ನು ಸರಕಾರದ ಶ್ರೇಣಿಯೊಳಕ್ಕೆ ತಂದರು. ಇಸ್ತಾಂಬುಲನ್ನು ಗೆದ್ದ ಎರಡನೆಯ ಮೆಹಮದ್ ತನ್ನ ಮಸೀದಿಯ ಎರಡೂ ಪಕ್ಕದಲ್ಲಿ ಎಂಟು ಮದರಸಾಗಳನ್ನು ಕಟ್ಟಿಸಿದ ಮೇಲೆ, ಸಾಮ್ರಾಜ್ಯದ ಮದರಸಾಗಳು ಅಧ್ಯಾಪಕನ ದಿನಗೂಲಿಯ ಲೆಕ್ಕದಲ್ಲಿ ಮೆಟ್ಟಿಲುಮೆಟ್ಟಿಲಾಗಿ ನಿಂತವು: 20 ಅಕ್ಚೆಯ ಮದರಸಾ, 30ರದು, 40ರದು, 50ರದು. ಅಕ್ಚೆ ಎಂದರೆ ಆ ಕಾಲದ ಸಣ್ಣ ಬೆಳ್ಳಿ ನಾಣ್ಯ. ಓದು ಮುಗಿಸಿದ ತರುಣನು ಹಿರಿಯ ವಿದ್ವಾಂಸನೊಬ್ಬನ ಕೈಕೆಳಗೆ ಉಮೇದುವಾರನಾಗಿ ಹೆಸರು ನೋಂದಾಯಿಸಿ, ಸರದಿ ಬರುವ ತನಕ ಕಾದು, ಅಧ್ಯಾಪಕನಾಗಿ ಮೆಟ್ಟಿಲು ಹತ್ತಬೇಕಿತ್ತು ಅಥವಾ ಸಣ್ಣ ಊರೊಂದರ ಖಾಜಿಯಾಗಿ ಹೊರಡಬೇಕಿತ್ತು. ನೇಮಕ ನಡೆಯುತ್ತಿದ್ದುದು ಸುಲ್ತಾನನ ಬೆರಾತ್ ಎಂಬ ಸನ್ನದಿನಿಂದ. ಹನಫಿ ಇಮಾಮರ, ಅಂದರೆ ಪಂಥದ ಹಿರಿಯ ಶಾಸ್ತ್ರಜ್ಞರ, ಮತಗಳಲ್ಲಿ ಅತ್ಯಂತ ಬಲವಾದುದನ್ನು ಹಿಡಿದು ತೀರ್ಪು ಕೊಡತಕ್ಕದ್ದು ಎಂಬ ಷರತ್ತು ಆ ಸನ್ನದಿನಲ್ಲಿಯೇ ಇರುತ್ತಿತ್ತು. ಈ ಒಂದು ಸಾಲನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಇಡೀ ಪ್ರಕರಣ ನಿಂತಿರುವುದು ಅದರ ಮೇಲೆ.

ಶ್ರೇಣಿಯ ತುದಿಯಲ್ಲಿ ಮೂವರಿದ್ದರು. ರುಮೇಲಿಯಾ, ಅಂದರೆ ಯೂರೋಪಿನ ಭಾಗದ ಖಾಜಿಗಳಿಗೆ ಮುಖ್ಯಸ್ಥನಾದ ಒಬ್ಬ ಕಜಸ್ಕೆರ್, ಅನತೋಲಿಯಾ ಭಾಗಕ್ಕೆ ಇನ್ನೊಬ್ಬ, ಮತ್ತು ಇಸ್ತಾಂಬುಲಿನ ಮುಫ್ತಿ. ಈ ಮುಫ್ತಿಯನ್ನೇ ಶೇಖುಲ್ ಇಸ್ಲಾಂ ಎಂದು ಕರೆಯುತ್ತಿದ್ದರು. ಕಜಸ್ಕೆರರಿಬ್ಬರೂ ದಿವಾನ್ ಎಂಬ ಸುಲ್ತಾನನ ಆಡಳಿತ ಸಭೆಯಲ್ಲಿ ವಜೀರರ ಜೊತೆ ಕೂರುತ್ತಿದ್ದರು. ಶೇಖುಲ್ ಇಸ್ಲಾಮನಿಗೆ ದಿವಾನಿನಲ್ಲಿ ಆಸನವಿರಲಿಲ್ಲ, ಪ್ರತ್ಯೇಕ ಕಚೇರಿಯ ಕಟ್ಟಡವೂ ಇರಲಿಲ್ಲ, ಅವನು ವಾಸವಿದ್ದ ಮನೆಯೇ ಫತ್ವಾ ಕಚೇರಿ. ಗೌರವ ಹೆಚ್ಚು, ಆಡಳಿತದ ಹಿಡಿತ ಕಡಿಮೆ ಎಂಬಂಥ ಹುದ್ದೆ ಅದು. ಅದನ್ನು ಆಡಳಿತದ ನಡುಮಧ್ಯಕ್ಕೆ ತಂದು ನಿಲ್ಲಿಸಿದವನು ಎಬುಸ್ಸೂದ್ ಎಫೆಂದಿ. ಬುರ್ಸಾದ ಖಾಜಿ, ಇಸ್ತಾಂಬುಲಿನ ಖಾಜಿ, 1537ರಿಂದ ಎಂಟು ವರ್ಷ ರುಮೇಲಿಯಾದ ಕಜಸ್ಕೆರ್ ಆಗಿದ್ದ ಅವನು 1545ರಲ್ಲಿ ಶೇಖುಲ್ ಇಸ್ಲಾಂ ಆಗಿ, 1574ರಲ್ಲಿ ಸಾಯುವವರೆಗೂ ಆ ಸ್ಥಾನದಲ್ಲಿ ಉಳಿದ. ಒಂದೇ ದಿನ ಅವನು 1,412 ಫತ್ವಾಗಳಿಗೆ ಉತ್ತರ ಬರೆದನೆಂದು ಅವನ ಜೀವನವನ್ನು ದಾಖಲಿಸಿದವರು ಹೇಳುತ್ತಾರೆ. ಗುಮಾಸ್ತರು ಪ್ರಶ್ನೆಯನ್ನು ಮೊದಲೇ ಹದಗೊಳಿಸಿ ಇಡದೆ ಇದ್ದರೆ ಅಂಥ ಕೆಲಸ ಯಾರಿಂದಲೂ ಸಾಧ್ಯವಿಲ್ಲ. ಪ್ರಶ್ನೆಯನ್ನು ಹೇಗೆ ಬರೆಯಬೇಕೆಂದು ಗುಮಾಸ್ತರಿಗೆ ಸೂಚನೆಗಳನ್ನು ಬರೆದುಕೊಟ್ಟವನೂ ಅವನೇ.

ಜೈದನ ಹತ್ತು ಸಾವಿರ ಅಕ್ಚೆ

ಈಗ ಜೈದನ ವಿಷಯಕ್ಕೆ ಬರೋಣ. ಅವನು ರುಮೇಲಿಯಾದ ಒಂದು ಸಣ್ಣ ಪಟ್ಟಣದ ವ್ಯಾಪಾರಿ. ತನ್ನ ಓಣಿಯ ಮಸೀದಿಗೆ ಏನಾದರೂ ಶಾಶ್ವತವಾಗಿ ಬಿಟ್ಟುಹೋಗಬೇಕೆಂದು ಅವನ ಆಸೆ. ವಕ್ಫ್ ಎಂದರೆ ಸಾಮಾನ್ಯವಾಗಿ ಹೊಲ, ತೋಟ, ಅಂಗಡಿ, ಸ್ನಾನಗೃಹ. ಮೂಲ ಆಸ್ತಿ ಕದಲದೆ ನಿಲ್ಲಬೇಕು, ಅದರ ಹುಟ್ಟುವಳಿ ಧರ್ಮಕಾರ್ಯಕ್ಕೆ ಹೋಗಬೇಕು. ಆದರೆ ಜೈದನಿಗೆ ಕೊಡಬಹುದಾದ ಅಂಗಡಿಯಿಲ್ಲ, ಮತ್ತು ಸುತ್ತಲಿನ ಕೃಷಿಭೂಮಿಯೆಲ್ಲ ಬಹುಪಾಲು ಸುಲ್ತಾನನಿಗೆ ಸೇರಿದ ಮೀರಿ ಭೂಮಿ, ಅದನ್ನು ಉಳುವವರು ವಕ್ಫ್ ಮಾಡುವಂತಿಲ್ಲ. ಅವನ ಕೈಯಲ್ಲಿರುವುದು ನಗದು. ಅವನು 10,000 ಅಕ್ಚೆಗಳನ್ನು ವಕ್ಫ್ ಮಾಡಿ, ಅದನ್ನು ಹತ್ತಕ್ಕೆ ಹನ್ನೊಂದರಂತೆ ಸಾಲ ಕೊಟ್ಟು ಬಂದ ಲಾಭದಿಂದ ಮಸೀದಿ ನಡೆಯಲಿ ಎಂದು ಬರೆಸಿದ.

ಲೆಕ್ಕ ಹೀಗೆ. ವರ್ಷಕ್ಕೆ ಲಾಭ 1,000 ಅಕ್ಚೆ. ಮಸೀದಿಯಲ್ಲಿ ನಮಾಜು ನಡೆಸುವ ಇಮಾಮನಿಗೆ ದಿನಕ್ಕೆ 2 ಅಕ್ಚೆಯಂತೆ ಚಾಂದ್ರಮಾನದ 354 ದಿನಗಳಿಗೆ 708. ಹಣವನ್ನು ನೋಡಿಕೊಳ್ಳುವ ಮುತವಲ್ಲಿಗೆ ದಿನಕ್ಕೆ ಅರ್ಧ ಅಕ್ಚೆಯಂತೆ 177. ಉಳಿದ 115 ಅಕ್ಚೆ ದೀಪದ ಎಣ್ಣೆಗೆ ಮತ್ತು ಚಾಪೆಗೆ. ಯಾರೋ ಒಬ್ಬ ಸಾಲಗಾರ ಒಂದು ವರ್ಷ ಕೈ ಎತ್ತಿದರೆ ಮೊದಲು ಆರುವುದು ದೀಪ, ಆಮೇಲೆ ನಿಲ್ಲುವುದು ಇಮಾಮನ ಕೂಲಿ. ಇಂಥ ದತ್ತಿಗಳಲ್ಲಿ ಕೊಂಚವೂ ಸಡಿಲವಿರುತ್ತಿರಲಿಲ್ಲ ಎಂಬುದನ್ನು ಗಮನಿಸದೆ ಹೋದರೆ ಮುಂದೆ ಬಂದ ಗಾಬರಿ ಅರ್ಥವಾಗುವುದಿಲ್ಲ.

ಸಾಲ ಕೊಡುವ ಬಗೆಯೂ ಹೇಳತಕ್ಕದ್ದು. ಬಡ್ಡಿ ಹರಾಮ್. ಹಾಗಾಗಿ ಸಾಲವನ್ನು ಮಾರಾಟದ ರೂಪದಲ್ಲಿ ಬರೆಯುತ್ತಿದ್ದರು. ಅಮ್ರನಿಗೆ 1,000 ಅಕ್ಚೆ ಬೇಕೆನ್ನಿ. ಅವನು ತನ್ನ ಮನೆಯನ್ನು ವಕ್ಫಿಗೆ ಅಷ್ಟಕ್ಕೆ ಮಾರಿದಂತೆ ಪತ್ರವಾಗುತ್ತದೆ. ಮರುಗಳಿಗೆಯೇ ಅದೇ ಮನೆಯನ್ನು ವರ್ಷಕ್ಕೆ 100 ಅಕ್ಚೆ ಬಾಡಿಗೆಗೆ ಅವನೇ ಹಿಡಿಯುತ್ತಾನೆ. ಅಮ್ರ್ ಮನೆ ಬಿಟ್ಟು ಕದಲಿಲ್ಲ, ಅಡುಗೆಮನೆಯ ಒಲೆ ಆರಲಿಲ್ಲ. ಸಾವಿರವನ್ನು ಹಿಂದಿರುಗಿಸಿದ ದಿನ ಮನೆ ಮತ್ತೆ ಅವನದು. ಇನ್ನೊಂದು ಬಗೆಯಲ್ಲಿ ಮುತವಲ್ಲಿಯು ಸಾವಿರವನ್ನು ಬರಿಯ ಸಾಲವಾಗಿ ಕೊಟ್ಟು, ಜೊತೆಗೆ ಒಂದು ಬಟ್ಟೆಯ ತುಂಡನ್ನು ನೂರು ಅಕ್ಚೆಗೆ ಉದ್ದರಿಯಾಗಿ ಮಾರುತ್ತಿದ್ದ. ಬಟ್ಟೆ ಸುತ್ತಿಬಳಸಿ ಮುತವಲ್ಲಿಯ ಕೈಗೇ ಮರಳುತ್ತಿತ್ತು. ಇದನ್ನು ಬರಿಯ ಮೋಸವೆಂದು ತಳ್ಳಿಹಾಕುವುದು ಸುಲಭ, ಆದರೆ ನನಗೆ ಹಾಗನ್ನಿಸುವುದಿಲ್ಲ. ಪ್ರತಿಯೊಂದು ಹೆಜ್ಜೆಯೂ ಶಾಸ್ತ್ರ ಒಪ್ಪುವ ವ್ಯವಹಾರವೇ ಆಗಿರಬೇಕೆಂದು ಈ ಜನ ಪಟ್ಟ ಶ್ರಮದಲ್ಲಿ ಶಾಸ್ತ್ರದ ಮೇಲಿನ ಭಯಭಕ್ತಿಯೂ ಇದೆ.

ಈ ಪದ್ಧತಿ ಜೈದನ ಕಾಲಕ್ಕೆ ಹೊಸದೇನಲ್ಲ. 15ನೆಯ ಶತಮಾನದ ಮೊದಲ ಭಾಗದಲ್ಲೇ ಎದಿರ್ನೆಯಲ್ಲಿ ಇಂಥ ದತ್ತಿ ಕಾಣುತ್ತದೆ. 1546ರಲ್ಲಿ ಇಸ್ತಾಂಬುಲಿನ ವಕ್ಫ್‌ಗಳ ಪಟ್ಟಿ ಮಾಡಿದಾಗ ಸುಮಾರು 2,500 ದತ್ತಿಗಳು ಲೆಕ್ಕಕ್ಕೆ ಸಿಕ್ಕವು. ಅವುಗಳಲ್ಲಿ ನಗದು ಇದ್ದವು ಹೆಚ್ಚುಕಡಿಮೆ ಅರ್ಧದಷ್ಟು.

ತಡೆ

ಶಾಸ್ತ್ರದ ಗ್ರಂಥಗಳನ್ನು ತೆರೆದರೆ ಜೈದನ ದತ್ತಿಗೆ ನೆಲೆ ತೀರ ತೆಳುವಾಗಿತ್ತು. ವಕ್ಫ್ ಶಾಶ್ವತವಾಗಿರಬೇಕು, ಚರ ಆಸ್ತಿ ಶಾಶ್ವತವಲ್ಲ. ಹನಫಿಗಳ ಮೂವರು ಮುಖ್ಯ ಇಮಾಮರಲ್ಲಿ ಒಬ್ಬನಾದ, ಅಬು ಹನೀಫಾನ ಶಿಷ್ಯ ಮುಹಮ್ಮದ್ ಅಶ್ಶೈಬಾನಿ ಮಾತ್ರ, ಜನರಲ್ಲಿ ರೂಢಿಯಿದ್ದರೆ ಕೊಡಲಿ, ಹಂಡೆ, ಶವ ಹೊರುವ ಚಟ್ಟ, ಕುರಾನಿನ ಪ್ರತಿ ಮುಂತಾದ ಚರ ವಸ್ತುಗಳನ್ನೂ ವಕ್ಫ್ ಮಾಡಬಹುದೆಂದು ಹೇಳಿದ್ದ. ಅವನ ಪಟ್ಟಿಯಲ್ಲಿ ನಾಣ್ಯ ಇರಲಿಲ್ಲ. ನಾಣ್ಯವನ್ನು ಬಳಸುವುದೆಂದರೆ ಕೈಬಿಡುವುದು. ಕೊಡಲಿಯಿಂದ ಕಡಿದ ಮೇಲೂ ಕೊಡಲಿ ಉಳಿಯುತ್ತದೆ, ಅಕ್ಚೆಯನ್ನು ಕೊಟ್ಟ ಮೇಲೆ ಆ ಅಕ್ಚೆ ಉಳಿಯುವುದಿಲ್ಲ. ನಗದಿನ ವಕ್ಫ್ ಸಿಂಧುವೆಂದು ಸ್ಪಷ್ಟವಾಗಿ ಹೇಳಿದ ಮತ ಒಂದೇ, ಅದು ಅಬು ಹನೀಫಾನ ಇನ್ನೊಬ್ಬ ಶಿಷ್ಯ ಜುಫರನ ಹೆಸರಿನಲ್ಲಿ ಬಂದದ್ದು. ಜುಫರನ ಮತವನ್ನು ಪಂಥದಲ್ಲಿ ಬಲವಾದ ಮತವೆಂದು ಎಣಿಸುತ್ತಿರಲಿಲ್ಲ.

ಈ ಪ್ರಶ್ನೆಯನ್ನು ರಾಜ್ಯದ ಮಟ್ಟಕ್ಕೆ ಒಯ್ದವನು ಚಿವಿಜಾದೆ ಮೆಹಮದ್ ಎಫೆಂದಿ. ಅವನು 1539ರಿಂದ 1542ರವರೆಗೆ ತಾನೇ ಶೇಖುಲ್ ಇಸ್ಲಾಂ ಆಗಿದ್ದವನು. ಇಬ್ನ್ ಅರಬಿ ಮುಂತಾದ ಸೂಫಿಗಳನ್ನು ಖಂಡಿಸಿದ್ದು, ಪಂಥದ ಒಪ್ಪಿತ ಮತಕ್ಕೆ ವಿರುದ್ಧವಾಗಿ ಫತ್ವಾ ಕೊಟ್ಟದ್ದು ಇವುಗಳ ಕಾರಣದಿಂದ ಸುಲ್ತಾನ್ ಸುಲೈಮಾನ್ ಅವನನ್ನು ತೆಗೆದುಹಾಕಿದ್ದ. ಅದಕ್ಕೆ ಮುಂಚೆ ಯಾವ ಶೇಖುಲ್ ಇಸ್ಲಾಮನನ್ನೂ ವಜಾ ಮಾಡಿರಲಿಲ್ಲ. 1545ರಲ್ಲಿ ಎಬುಸ್ಸೂದ್ ಮೇಲೇರಿದಾಗ ತೆರವಾದ ರುಮೇಲಿಯಾದ ಕಜಸ್ಕೆರ್ ಹುದ್ದೆಗೆ ಬಂದವನು ಇದೇ ಚಿವಿಜಾದೆ. ಮುಫ್ತಿಗೆ ಇಲ್ಲದ ಎರಡು ಸಾಧನಗಳು ಈಗ ಅವನ ಕೈಗೆ ಬಂದವು: ದಿವಾನಿನಲ್ಲಿ ಆಸನ, ಮತ್ತು ರುಮೇಲಿಯಾದ ಖಾಜಿಗಳ ಮೇಲೆ ನೇರ ಅಧಿಕಾರ. ನಗದಿನ ವಕ್ಫ್ ಅಸಿಂಧುವೆಂದು ಅವನು ಸುಲ್ತಾನನಿಗೆ ಮನವರಿಕೆ ಮಾಡಿಕೊಟ್ಟ, ನಿಷೇಧದ ಆಜ್ಞೆ ಹೊರಬಿತ್ತು.

ಚಿವಿಜಾದೆಯನ್ನು ಹಠಮಾರಿಯೆಂದು ಚಿತ್ರಿಸುವವರಿದ್ದಾರೆ. ಅವನ ವಾದವನ್ನು ಅದರದೇ ಬಲದಲ್ಲಿ ನೋಡಬೇಕು. ಬಲವಾದ ಮತದಂತೆ ತೀರ್ಪು ಕೊಡು ಎಂದು ಸನ್ನದಿನಲ್ಲಿ ಬರೆದುಕೊಟ್ಟವನು ಸುಲ್ತಾನನೇ. ಆ ಷರತ್ತಿನ ಪ್ರಕಾರ ಯಾವ ಖಾಜಿಗೂ ಜುಫರನ ಮತ ಹಿಡಿಯುವ ಅಧಿಕಾರವೇ ಇಲ್ಲ. ಹಾಗಾದರೆ ಇಷ್ಟು ವರ್ಷ ನೂರಾರು ಖಾಜಿಗಳು ಯಾವ ಅಧಿಕಾರದಿಂದ ಈ ದತ್ತಿಪತ್ರಗಳಿಗೆ ಮುದ್ರೆ ಒತ್ತಿದರು? ಜೈದ್ ಸತ್ತ ಮೇಲೆ ಅವನ ಮಗಳು ಹಿಂದ್ ಬಂದು, ದತ್ತಿ ಅಸಿಂಧು, ಆ ಹಣ ನನ್ನ ತಂದೆಯ ಆಸ್ತಿ, ಅದರಲ್ಲಿ ನನ್ನ ಪಾಲು ಕೊಡಿ ಎಂದು ಕೇಳಿದರೆ ಕೊಡುವ ಉತ್ತರವೇನು? ಕುರಾನ್ ನಿಗದಿಪಡಿಸಿದ ಅವಳ ಪಾಲು ಓಣಿಯ ಮಸೀದಿಯ ಎಣ್ಣೆಗೆ ಸುರಿದುಹೋಗುತ್ತಿದೆ. ಇದು ಲಘುವಾದ ಆಕ್ಷೇಪವಲ್ಲ.

ತಡೆಯ ಪರಿಣಾಮ ಎಲ್ಲಿ ಬಿತ್ತು ಎಂಬುದು ರುಮೇಲಿಯಾದ ಸೋಫಿಯಾ ಪಟ್ಟಣದಿಂದ ಬಂದ ಪತ್ರಗಳಿಂದ ತಿಳಿಯುತ್ತದೆ. ಅಲ್ಲಿಯ ಹಲ್ವೇತಿ ಎಂಬ ಸೂಫಿ ಪಂಥದ ಗುರು ಬಾಲಿ ಎಫೆಂದಿ ಸುಲ್ತಾನನಿಗೂ ಚಿವಿಜಾದೆಗೂ ಪತ್ರ ಬರೆದು ನಿಷೇಧವನ್ನು ವಿರೋಧಿಸಿದ. ರುಮೇಲಿಯಾದ ಪಟ್ಟಣಗಳಲ್ಲಿ ಮಸೀದಿ, ಮಕ್ಕಳ ಶಾಲೆಗಳು ನಡೆಯುತ್ತಿದ್ದದ್ದೇ ಈ ಹಣದಿಂದ ಎಂಬುದು ಅವನ ಮಾತಿನ ತಿರುಳು. ರಾಜಧಾನಿಯಲ್ಲಿ ಸುಲ್ತಾನರು, ವಜೀರರು ಕಟ್ಟಿಸಿದ ದೊಡ್ಡ ಮಸೀದಿಗಳಿಗೆ ಹಳ್ಳಿಗಳ ಆದಾಯವಿತ್ತು. ಇಸ್ಲಾಂ ಹೊಸದಾಗಿ ಬೇರೂರುತ್ತಿದ್ದ ಗಡಿನಾಡಿನ ಪಟ್ಟಣಕ್ಕೆ ಜೈದನಂಥವರ ಹತ್ತು ಸಾವಿರವೇ ಗತಿ.

ಒಂದು ಮತದಿಂದ ಅರ್ಧ, ಇನ್ನೊಂದರಿಂದ ಅರ್ಧ

ಈಗ ಎಬುಸ್ಸೂದನ ಮುಂದಿದ್ದ ದಾರಿಗಳನ್ನು ನೋಡೋಣ. ಅವನು ನಗದಿನ ವಕ್ಫ್ ಸಿಂಧು ಎಂದು ಫತ್ವಾ ಕೊಡಬಹುದಿತ್ತು, ಕೊಟ್ಟ. ಆದರೆ ಫತ್ವಾ ಖಾಜಿಯನ್ನು ಕಟ್ಟಿಹಾಕುವುದಿಲ್ಲ, ಅದರಲ್ಲೂ ಸುಲ್ತಾನನ ಆಜ್ಞೆ ಎದುರಿಗಿರುವಾಗ. ಹಾಗಾಗಿ ಅವನು ಅರಬಿ ಭಾಷೆಯಲ್ಲಿ ಒಂದು ಪ್ರಬಂಧವನ್ನೇ ಬರೆದ.

ಪ್ರಬಂಧದ ಒಂದು ಎಳೆ ರೂಢಿಯದು. ಶೈಬಾನಿಯ ಪಟ್ಟಿಯಲ್ಲಿ ನಾಣ್ಯ ಇಲ್ಲದಿದ್ದರೂ ಅವನ ಸೂತ್ರ ಇದೆ: ಚರ ವಸ್ತುವನ್ನು ವಕ್ಫ್ ಮಾಡುವುದು ಜನರಲ್ಲಿ ರೂಢಿಯಾಗಿದ್ದರೆ ಅದು ಸಲ್ಲುತ್ತದೆ. ರುಮೇಲಿಯಾದಲ್ಲೂ ಅನತೋಲಿಯಾದಲ್ಲೂ ನಗದಿನ ವಕ್ಫ್ ರೂಢಿಯಾಗಿರುವುದು ಕಣ್ಣೆದುರಿಗೇ ಇದೆ. ಇನ್ನು ಅಕ್ಚೆ ಉಳಿಯುವುದಿಲ್ಲ ಎಂಬ ಆಕ್ಷೇಪ. ಒಂದು ಅಕ್ಚೆ ಹೋಗಿ ಇನ್ನೊಂದು ಅಕ್ಚೆ ಬಂದರೆ ಅದು ಮೊದಲನೆಯದರ ಸ್ಥಾನದಲ್ಲೇ ನಿಲ್ಲುತ್ತದೆ, ಏಕೆಂದರೆ ನಾಣ್ಯಕ್ಕೂ ನಾಣ್ಯಕ್ಕೂ ಭೇದವಿಲ್ಲ. ಉಳಿಯಬೇಕಾದದ್ದು ಲೋಹದ ತುಂಡಲ್ಲ, ಅದರ ಮೌಲ್ಯ.

ಇದಕ್ಕಿಂತ ಕಠಿಣವಾದ ಗಂಟು ಇನ್ನೊಂದಿತ್ತು, ಪ್ರಕರಣದ ನಿಜವಾದ ತಿರುವು ಇರುವುದು ಅಲ್ಲಿ. ವಕ್ಫ್ ಸಿಂಧುವಾಗುವುದು ಬೇರೆ, ಹಿಂತೆಗೆದುಕೊಳ್ಳಲಾಗದಂತೆ ಗಟ್ಟಿಯಾಗುವುದು ಬೇರೆ. ಅಬು ಹನೀಫಾನ ಮತದಲ್ಲಿ ಖಾಜಿಯ ತೀರ್ಪಾಗುವ ತನಕ ದತ್ತಿ ಕೊಟ್ಟವನು ಅದನ್ನು ಹಿಂಪಡೆಯಬಹುದು. ಅವನ ಮುಖ್ಯ ಶಿಷ್ಯರಿಬ್ಬರಲ್ಲಿ ಅಬು ಯೂಸುಫ್ ಮಾತು ಆಡಿದೊಡನೆ ಗಟ್ಟಿ ಎನ್ನುತ್ತಾನೆ, ಶೈಬಾನಿ ಮುತವಲ್ಲಿಯ ಕೈಗೆ ಒಪ್ಪಿಸಿದ ಮೇಲೆ ಗಟ್ಟಿ ಎನ್ನುತ್ತಾನೆ. ಈ ಭೇದದಿಂದ ಪಾರಾಗಲು ದತ್ತಿ ಮಾಡುವವರೆಲ್ಲ ಬಹಳ ಹಿಂದಿನಿಂದ ಒಂದು ವಿಧಿಯನ್ನು ನಡೆಸಿಕೊಂಡು ಬಂದಿದ್ದರು. ಜೈದ್ ಹಣವನ್ನು ಮುತವಲ್ಲಿಗೆ ಒಪ್ಪಿಸುತ್ತಾನೆ. ಕೂಡಲೇ ಖಾಜಿಯ ಮುಂದೆ ನಿಂತು, ಮನಸ್ಸು ಬದಲಾಯಿಸಿದ್ದೇನೆ, ಅಬು ಹನೀಫಾನ ಮತದಂತೆ ನನ್ನ ಹಣ ನನಗೆ ಬೇಕು ಎನ್ನುತ್ತಾನೆ. ಮುತವಲ್ಲಿ ಇತರ ಇಮಾಮರ ಮತವನ್ನು ಎತ್ತಿ ಕೊಡಲು ನಿರಾಕರಿಸುತ್ತಾನೆ. ಖಾಜಿ ಮುತವಲ್ಲಿಯ ಪರವಾಗಿ ತೀರ್ಪು ಕೊಡುತ್ತಾನೆ. ಭಿನ್ನಾಭಿಪ್ರಾಯವಿರುವ ವಿಷಯದಲ್ಲಿ ಖಾಜಿ ಒಮ್ಮೆ ತೀರ್ಪು ಕೊಟ್ಟರೆ ಮುಂದಿನ ಯಾವ ಖಾಜಿಯೂ ಅದನ್ನು ಮುರಿಯುವಂತಿಲ್ಲ. ಮೂವರೂ ಸೇರಿ ನಡೆಸಿದ ಈ ವ್ಯಾಜ್ಯದಿಂದ ದತ್ತಿ ಭದ್ರವಾಗುತ್ತದೆ, ಜೈದ್ ಸೋತು ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ.

ನಗದಿನ ವಿಷಯದಲ್ಲಿ ಈ ವಿಧಿ ಅರ್ಧಕ್ಕೆ ನಿಲ್ಲುತ್ತಿತ್ತು. ನಗದಿನ ವಕ್ಫ್ ಸಿಂಧುವೆಂದ ಜುಫರ್ ಅದು ಗಟ್ಟಿಯಾಗುತ್ತದೆಂದು ಹೇಳಿರಲಿಲ್ಲ. ಗಟ್ಟಿಯಾಗುತ್ತದೆಂದ ಅಬು ಯೂಸುಫ್ ಮತ್ತು ಶೈಬಾನಿಯ ಪಟ್ಟಿಯಲ್ಲಿ ನಗದು ಇರಲಿಲ್ಲ. ಎಬುಸ್ಸೂದ್ ತೋರಿಸಿದ ದಾರಿಯೆಂದರೆ ಎರಡು ಹೆಜ್ಜೆಯ ತೀರ್ಪು. ಖಾಜಿಯು ಮೊದಲು ಜುಫರನ ಮತ ಹಿಡಿದು ದತ್ತಿ ಸಿಂಧುವೆಂದು ಹೇಳಲಿ. ಆ ತೀರ್ಪಿನಿಂದ ಅದು ಎಲ್ಲರ ಪಾಲಿಗೂ ಸಿಂಧುವಾದ ವಕ್ಫ್ ಆಯಿತು. ಸಿಂಧುವಾದ ವಕ್ಫ್ ಗಟ್ಟಿಯಾದದ್ದು ಎಂಬುದು ಆ ಇಬ್ಬರು ಇಮಾಮರ ಮತ. ಆದ್ದರಿಂದ ಎರಡನೆಯ ಹೆಜ್ಜೆಯಲ್ಲಿ ಅವರ ಮತದಂತೆ ಅದನ್ನು ಗಟ್ಟಿಯೆಂದು ತೀರ್ಮಾನಿಸಲಿ. ಎರಡು ಮತಗಳನ್ನು ಹೊಲಿದು ಯಾರೂ ಹೇಳದ ಮೂರನೆಯದನ್ನು ಮಾಡಿದ್ದಾನೆ ಎಂಬುದು ವಿರೋಧಿಗಳ ದೂರು. ಆ ದೂರು ಅಷ್ಟು ಸುಲಭವಾಗಿ ಅಳಿಸುವಂಥದ್ದಲ್ಲ ಎಂದೇ ನನಗೂ ತೋರುತ್ತದೆ.

ಅಪ್ಪಣೆ

ಎಷ್ಟೇ ನಯವಾಗಿ ಹೊಲಿದರೂ ಸನ್ನದಿನ ಆ ಒಂದು ಸಾಲು ಅಡ್ಡ ನಿಂತೇ ಇತ್ತು. ಜುಫರನದು ದುರ್ಬಲ ಮತ, ಅದರಂತೆ ತೀರ್ಪು ಕೊಡಲು ಖಾಜಿಗೆ ಅಧಿಕಾರವಿಲ್ಲ. ವಿದ್ವತ್ತಿನಿಂದ ಈ ಅಡ್ಡಿಯನ್ನು ದಾಟಲಾಗದು, ಅದನ್ನು ಹಾಕಿದವನೇ ತೆಗೆಯಬೇಕು. ಖಾಜಿಯು ಸುಲ್ತಾನನ ಪ್ರತಿನಿಧಿಯಾಗಿ ನ್ಯಾಯ ಹೇಳುವವನು. ಯಾವ ಮೊಕದ್ದಮೆಯನ್ನು ಕೇಳಬೇಕು, ಇಮಾಮರಲ್ಲಿ ಭೇದವಿದ್ದಾಗ ಯಾರ ಮತ ಹಿಡಿಯಬೇಕು ಎಂದು ಗೊತ್ತುಪಡಿಸುವ ಹಕ್ಕು ಪ್ರತಿನಿಧಿಯನ್ನು ನೇಮಿಸಿದವನಿಗಿದೆ. ಈ ತತ್ತ್ವ ಹಳೆಯ ಗ್ರಂಥಗಳಲ್ಲೇ ಇತ್ತು. ಎಬುಸ್ಸೂದ್ ಅದನ್ನು ದಿನನಿತ್ಯದ ಆಡಳಿತದ ಉಪಕರಣ ಮಾಡಿದ.

1547ರಲ್ಲಿ ಚಿವಿಜಾದೆ ತೀರಿಕೊಂಡ. 1548ರಲ್ಲಿ ಸುಲ್ತಾನ್ ಸುಲೈಮಾನ್ ನಿಷೇಧವನ್ನು ಹಿಂತೆಗೆದು ನಗದಿನ ವಕ್ಫ್‌ಗಳಿಗೆ ಅನುಮತಿಯ ಆಜ್ಞೆ ಹೊರಡಿಸಿದ. ಅಲ್ಲಿಂದ ಮುಂದೆ ಇಮಾಮರ ಭೇದವನ್ನು ಅರಿತು ಎರಡು ಹೆಜ್ಜೆಯ ತೀರ್ಪು ಕೊಡುವುದೇ ನಗದಿನ ದತ್ತಿಪತ್ರಗಳ ಕ್ರಮವಾಯಿತು. ಲಾಭಕ್ಕೂ ಮಿತಿ ಬಿತ್ತು: ಹತ್ತಕ್ಕೆ ಹನ್ನೊಂದೂವರೆಯನ್ನು ಮೀರಿ ತೆಗೆದುಕೊಳ್ಳುವಂತಿಲ್ಲ, ಅಂದರೆ ನೂರಕ್ಕೆ 15. ಮಿತಿ ಮೀರುವವರ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಎಬುಸ್ಸೂದನ ಫತ್ವಾಗಳು ಸುಲ್ತಾನನ ಆಜ್ಞೆಯನ್ನೇ ಆಧಾರವಾಗಿ ತೋರಿಸುತ್ತವೆ. ಶಾಸ್ತ್ರ ಹೇಳುವವನ ಉತ್ತರದಲ್ಲಿ ಅರಸನ ಆಜ್ಞೆ ಪ್ರಮಾಣವಾಗಿ ನಿಂತಿರುವುದನ್ನು ಇಲ್ಲಿ ಕಣ್ಣಾರೆ ನೋಡಬಹುದು.

ನಮ್ಮ ಜೈದನ ಪಾಲಿಗೆ ಇದರ ಅರ್ಥ ಸರಳ. ಇಮಾಮನಿಗೆ ಕೂಲಿ ಬರುತ್ತದೆ, ಅಮ್ರ್ ಬಾಡಿಗೆ ಕಟ್ಟುತ್ತಾನೆ, ದೀಪ ಉರಿಯುತ್ತದೆ. ಹಿಂದ್ ಯಾವ ಖಾಜಿಯ ಬಳಿ ಹೋದರೂ ಅವಳ ವಾದವನ್ನು ಎತ್ತಿಹಿಡಿಯುವ ಅಧಿಕಾರ ಈಗ ಅವನಿಗಿಲ್ಲ. ಅವಳ ವಾದ ಪಂಥದ ಬಲವಾದ ಮತಕ್ಕೆ ಹತ್ತಿರವಾಗಿದ್ದರೂ ಅಷ್ಟೆ.

ಇದರಿಂದ ತಿಳಿಯುವುದು

ಈ ಪ್ರಕರಣವನ್ನು ಉದಾರ ಮುಫ್ತಿಯೊಬ್ಬ ಸಂಪ್ರದಾಯವಾದಿಯನ್ನು ಸೋಲಿಸಿದ ಕಥೆಯಾಗಿ ಓದಿದರೆ ಮುಖ್ಯವಾದದ್ದು ಕೈತಪ್ಪುತ್ತದೆ. ನಿಷೇಧ ಬಂದದ್ದೂ ಆಜ್ಞೆಯಿಂದ, ತೆರವಾದದ್ದೂ ಆಜ್ಞೆಯಿಂದ. ಇಬ್ಬರು ವಿದ್ವಾಂಸರೂ ಗೆಲ್ಲಬೇಕಾದದ್ದು ಒಬ್ಬನೇ ಓದುಗನ ಮನಸ್ಸನ್ನು, ಅವನು ಸುಲ್ತಾನ. ಮೊದಲು ಚಿವಿಜಾದೆಯ ಮಾತು ನಡೆದದ್ದರಲ್ಲಿ ಅವನ ವಾದದಷ್ಟೇ ಅವನ ದಿವಾನಿನ ಆಸನಕ್ಕೂ ಪಾಲಿದೆ. ಎಬುಸ್ಸೂದನಿಗೆ ಆ ಆಸನವಿಲ್ಲದ್ದರಿಂದ ಅವನು ಬೇರೆ ದಾರಿ ಹಿಡಿಯಬೇಕಾಯಿತು: ಪ್ರಶ್ನೆಯನ್ನೂ ತನ್ನ ಉತ್ತರವನ್ನೂ ಬರೆದು ಸುಲ್ತಾನನಿಗೆ ಒಪ್ಪಿಸಿ, ಅದರ ಮೇಲೆ ಆಜ್ಞೆ ಪಡೆದು, ಖಾಜಿಗಳಿಗೆ ಕಳಿಸುವುದು. ಅವನು ಹಾಗೆ ಒಪ್ಪಿಸಿದ ಬಿನ್ನಹಗಳ ಸಂಗ್ರಹವೇ ಒಂದಿದೆ, ಅದಕ್ಕೆ ಮಾರೂಜಾತ್ ಎಂದು ಹೆಸರು. ಹೀಗೆ ಕಟ್ಟುಪಾಡಲ್ಲದ ಫತ್ವಾ ಕಟ್ಟುಪಾಡಿನ ಕಾನೂನಾಯಿತು, ಶೇಖುಲ್ ಇಸ್ಲಾಮನ ಮನೆ ರಾಜ್ಯದ ಕಚೇರಿಯಾಯಿತು.

ಅದೇ ಉಪಕರಣ ಬೇರೆ ಕಡೆಗಳಲ್ಲೂ ಕೆಲಸ ಮಾಡಿದ್ದನ್ನು ನೋಡಿದರೆ ಅದರ ಬೀಸು ತಿಳಿಯುತ್ತದೆ. ವಯಸ್ಸಿಗೆ ಬಂದ ಹೆಣ್ಣು ತನ್ನ ಪೋಷಕನ ಒಪ್ಪಿಗೆಯಿಲ್ಲದೆ ಮದುವೆಯಾಗಬಹುದೆಂಬುದು ಅಬು ಹನೀಫಾನ ಮತ. ಅಂಥ ಮದುವೆಗಳನ್ನು ಖಾಜಿಗಳು ಮಾನ್ಯ ಮಾಡಕೂಡದೆಂದು 1544ರಲ್ಲಿ ಆಜ್ಞೆಯಾಯಿತು. ಹದಿನೈದು ವರ್ಷ ಕಳೆದ ಹಕ್ಕಿನ ದಾವೆಗಳನ್ನು ಸುಲ್ತಾನನ ಅಪ್ಪಣೆಯಿಲ್ಲದೆ ಕೇಳಕೂಡದೆಂದು 1550ರಲ್ಲಿ ಇನ್ನೊಂದಾಯಿತು. ಗ್ರಂಥದಲ್ಲಿ ಹಕ್ಕು ಅಳಿಯಲಿಲ್ಲ, ಅದನ್ನು ಕೇಳುವ ಬಾಗಿಲು ಮುಚ್ಚಿತು. ಒಂದು ಕಡೆ ಬಡ ಓಣಿಯ ಮಸೀದಿಯನ್ನು ಉಳಿಸಿದ ಕ್ರಮವೇ ಇನ್ನೊಂದು ಕಡೆ ಹೆಣ್ಣಿಗಿದ್ದ ಸ್ವಾತಂತ್ರ್ಯವೊಂದನ್ನು ಕಿತ್ತುಕೊಂಡಿತು. ಒಂದನ್ನು ಮೆಚ್ಚಿ ಇನ್ನೊಂದನ್ನು ಮರೆಯುವುದು ನನ್ನಿಂದ ಆಗುವುದಿಲ್ಲ.

ವಿದ್ವಾಂಸರಿಗೆ ಇದರಿಂದ ಆದದ್ದೇನು ಎಂಬುದೂ ಇದೆ. ಅಧಿಕಾರದ ಹತ್ತಿರ ಹೋದ ಹುದ್ದೆಗೆ ಅಧಿಕಾರದ ಅಪಾಯವೂ ತಗಲುತ್ತದೆ. ಚಿವಿಜಾದೆಯ ವಜಾ ಮೊದಲನೆಯದಾಗಿತ್ತು, 17ನೆಯ ಶತಮಾನದಲ್ಲಿ ಅದು ಮಾಮೂಲಾಯಿತು. 1634ರಲ್ಲಿ ನಾಲ್ಕನೆಯ ಮುರಾದ್ ಒಬ್ಬ ಶೇಖುಲ್ ಇಸ್ಲಾಮನನ್ನು ಕೊಲ್ಲಿಸಿಯೇ ಬಿಟ್ಟ. ಎಬುಸ್ಸೂದ್ ಸುಮಾರು ಇಪ್ಪತ್ತೊಂಬತ್ತು ವರ್ಷ ಕುಳಿತದ್ದು ಹುದ್ದೆಯ ಭದ್ರತೆಯಿಂದಲ್ಲ, ಸುಲೈಮಾನನೂ ಅವನ ಮಗ ಎರಡನೆಯ ಸೆಲೀಮನೂ ಅವನ ಮೇಲಿಟ್ಟ ವಿಶ್ವಾಸದಿಂದ.

ವಾದ ಮುಗಿದಿತ್ತೆಂದು ಯಾರೂ ತಿಳಿಯಬಾರದು. ಪಶ್ಚಿಮ ಅನತೋಲಿಯಾದ ಬಿರ್ಗಿ ಎಂಬ ಸಣ್ಣ ಊರಿನ ಮದರಸಾದಲ್ಲಿ ಪಾಠ ಹೇಳುತ್ತಿದ್ದ ಮೆಹಮದ್ ಬಿರ್ಗಿವಿ ಎಬುಸ್ಸೂದನ ಪ್ರಬಂಧಕ್ಕೆ ಉತ್ತರವಾಗಿ ನಗದಿನ ವಕ್ಫ್ ಅಸಿಂಧುವೆಂದು ಬರೆದ. ಅಸಿಂಧುವಾದರೆ ಹಣ ಜೈದನದಾಗಿಯೇ ಉಳಿಯುತ್ತದೆ, ಅದಕ್ಕೆ ಅವನು ಜಕಾತ್ ಎಂಬ ಕಡ್ಡಾಯ ದಾನ ಕೊಡಬೇಕು, ಸತ್ತ ಮೇಲೆ ಅದು ವಾರಸುದಾರರಿಗೆ ಸಲ್ಲಬೇಕು ಎಂಬುದು ಅವನ ವಾದ. ಇಸ್ತಾಂಬುಲಿನ ಫತ್ವಾ ಕಚೇರಿಯಲ್ಲಿ ದಾರಿ ಸಿಗದ ಹಿಂದಳ ಪ್ರಶ್ನೆಯನ್ನು ಕೇಳಿಸಿಕೊಂಡವನು ಬಿರ್ಗಿಯ ಈ ಮೇಷ್ಟ್ರು. 1573ರಲ್ಲಿ ಅವನು ತೀರಿಕೊಂಡ. ಅವನ ಬರಹವನ್ನು ಜನ ಓದಿದರು, ಮುಂದಿನ ತಲೆಮಾರಿನವರು ಎತ್ತಿಹಿಡಿದರು. ಆದರೆ ಯಾವ ಖಾಜಿಯೂ ಅದರಂತೆ ತೀರ್ಪು ಕೊಡುವಂತಿರಲಿಲ್ಲ.

ಮುಂದಿನ ಕಾಲದ ನಗದಿನ ದತ್ತಿಪತ್ರಗಳ ಕೊನೆಯ ಭಾಗವನ್ನು ಓದಿದರೆ ಆ ಮೂವರೂ ಮತ್ತೆ ಮತ್ತೆ ಎದುರಾಗುತ್ತಾರೆ. ದತ್ತಿ ಕೊಟ್ಟವನು ಹಣ ಹಿಂದಕ್ಕೆ ಕೇಳುತ್ತಾನೆ, ಮುತವಲ್ಲಿ ಒಲ್ಲೆನೆನ್ನುತ್ತಾನೆ, ಖಾಜಿ ಮೊದಲು ಸಿಂಧುವೆಂದೂ ಆಮೇಲೆ ಗಟ್ಟಿಯೆಂದೂ ತೀರ್ಪು ಬರೆಯುತ್ತಾನೆ. ತೀರ್ಪಿನ ಪಕ್ಕದಲ್ಲೇ ಒಂದು ವಾಡಿಕೆಯ ಮಾತು ಇರುತ್ತದೆ: ಹಿಂದಿನ ಇಮಾಮರಲ್ಲಿ ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿದ್ದುದನ್ನು ತಿಳಿದೇ ಈ ತೀರ್ಪು ಕೊಟ್ಟಿದ್ದೇನೆ. ಅದರ ಕೆಳಗೆ ದಿನಾಂಕ, ಸಾಕ್ಷಿಗಳ ಹೆಸರು.